ಭಾನುವಾರದ ಬುಕಿಂಗ್ ಪಕ್ಕಾ ಆಗಿದೆ, ಜೊತೆಗೆ ಕ್ಯಾನ್ಸಲ್ ಫೀಸಿನ ಬಗ್ಗೆ ಒಂದು ಮಾತು

ಮಾಟುಂಗಾ, ಮುಂಬಯಿ

ನಮಸ್ಕಾರ ಮೇಡಂ,

ಈ ಭಾನುವಾರ ಬೆಳಿಗ್ಗೆ 10.30ಕ್ಕೆ ನಿಮ್ಮ ಬುಕಿಂಗ್ ಪಕ್ಕಾ ಆಗಿದೆ. ಪೂರ್ತಿ ಕೂದಲಿಗೆ ಕಲರ್, ಆಮೇಲೆ ಕಟ್. ಒಟ್ಟು 4,000 ರೂಪಾಯಿ. ಅದರಲ್ಲಿ 1,000 ರೂಪಾಯಿ ಅಡ್ವಾನ್ಸ್ ನಿನ್ನೆ ಯುಪಿಐನಲ್ಲಿ ಬಂದಿದೆ. ಮನೆಗೆ ಹೊರಡುವಾಗ ಉಳಿದ 3,000 ಕೊಟ್ಟರೆ ಸಾಕು. ಸುಮಾರು ಮೂರು ಗಂಟೆ ಹಿಡಿಯುತ್ತದೆ, ಅಷ್ಟು ಸಮಯ ಇಟ್ಟುಕೊಂಡು ಬನ್ನಿ.

ಪ್ಯಾಚ್ ಟೆಸ್ಟ್ ಮರೆಯಬೇಡಿ. ಕಲರ್ ಹಚ್ಚುವ 48 ಗಂಟೆ ಮೊದಲೇ ಅದು ಆಗಿರಬೇಕು. ಅಂದರೆ ಗುರುವಾರ ಸಂಜೆ, ಇಲ್ಲದಿದ್ದರೆ ಶುಕ್ರವಾರ ಬೆಳಿಗ್ಗೆ 10ರ ಒಳಗೆ ಒಮ್ಮೆ ಬಂದು ಹೋಗಿ. ಕಿವಿಯ ಹಿಂದೆ ಒಂದು ಚುಕ್ಕೆ ಹಚ್ಚುತ್ತೇವೆ, ಐದು ನಿಮಿಷದ ಕೆಲಸ, ದುಡ್ಡಿಲ್ಲ. "ಹತ್ತು ವರ್ಷದಿಂದ ಹಚ್ಚುತ್ತಿದ್ದೇನೆ, ನನಗೇನೂ ಆಗಲ್ಲ" ಅಂತ ನೀವು ಹೋದ ಸಲ ನಕ್ಕಿದ್ದಿರಿ. ಆದರೆ ಗಾಢ ಕಲರುಗಳಲ್ಲಿ ಪಿಪಿಡಿ ಅನ್ನುವ ರಾಸಾಯನಿಕ ಇರುತ್ತದೆ. ಅದರ ಅಲರ್ಜಿ ಹತ್ತು ವರ್ಷ ಸುಮ್ನೆ ಇದ್ದು ಹನ್ನೊಂದನೇ ವರ್ಷವೂ ಶುರುವಾಗಬಹುದು. ಅದಕ್ಕೇ ಪ್ರತಿ ಸಲವೂ ಟೆಸ್ಟ್.

ಇನ್ನು ಫೀಸಿನ ವಿಷಯ. ಬುಕಿಂಗ್ ಹೊತ್ತಿಗೆ 24 ಗಂಟೆಗಿಂತ ಕಡಿಮೆ ಇರುವಾಗ ಕ್ಯಾನ್ಸಲ್ ಮಾಡಿದರೆ ಬಿಲ್ಲಿನ ಕಾಲು ಭಾಗ ಫೀಸು ಅಂತ ನಮ್ಮ ಗೋಡೆಯ ಮೇಲಿನ ಬೋರ್ಡಿನಲ್ಲಿ ಮೊದಲಿನಿಂದಲೂ ಇದೆ. ಬೋರ್ಡಿನಲ್ಲಿ ಇತ್ತೇ ಹೊರತು ನಾವು ಯಾರ ಹತ್ತಿರವೂ ತೆಗೆದುಕೊಳ್ಳುತ್ತಿರಲಿಲ್ಲ. ಬೇಸರ ಮಾಡಿಕೊಳ್ಳಬೇಡಿ, ಜುಲೈನಲ್ಲಿ ನೀವು 10.30ರ ಬುಕಿಂಗ್ ಅನ್ನು 9.40ಕ್ಕೆ ಮೆಸೇಜ್ ಹಾಕಿ ಕ್ಯಾನ್ಸಲ್ ಮಾಡಿದಾಗಲೂ ತೆಗೆದುಕೊಳ್ಳಲಿಲ್ಲ. ಅದು ನಮ್ಮ ಸಡಿಲಿಕೆ, ನಿಮ್ಮ ತಪ್ಪು ಅಂತ ಹೇಳುತ್ತಿಲ್ಲ. ಆದರೆ ಈ ತಿಂಗಳಿಂದ ಎಲ್ಲರ ಹತ್ತಿರವೂ ತೆಗೆದುಕೊಳ್ಳುತ್ತೇವೆ. ಹಳೆಯ ಗ್ರಾಹಕರು, ಊರಿನವರು, ಪಕ್ಕದ ಬಿಲ್ಡಿಂಗಿನವರು ಅಂತ ಬೇರೆ ಲೆಕ್ಕ ಇರುವುದಿಲ್ಲ.

ನಿಮ್ಮ ಬುಕಿಂಗ್‌ಗೆ ಅದು ಹೀಗೆ. ಶನಿವಾರ ಬೆಳಿಗ್ಗೆ 10.30ರ ಒಳಗೆ ಬೇಡ ಅಂದರೆ 1,000 ರೂಪಾಯಿ ಪೂರ್ತಿ ವಾಪಸ್. ಅದರ ನಂತರ ಹೇಳಿದರೆ ಆ 1,000 ಬರುವುದಿಲ್ಲ. ದಿನ ಬದಲಾಯಿಸುವುದಕ್ಕೂ ಇದೇ ಗಡುವು, ಯಾಕೆಂದರೆ ಮುಂದಿನ ವಾರ ನೀವು ಬಂದರೂ ಈ ವಾರದ ಕುರ್ಚಿ ಖಾಲಿಯೇ ಅಲ್ವಾ? ವಾಟ್ಸಾಪ್ ಮೆಸೇಜ್ ನಮಗೆ ಬಂದ ಹೊತ್ತೇ ಲೆಕ್ಕ. "ನೋಡ್ತೀನಿ, ಆಗದೇ ಇರಬಹುದು" ಅಂದರೆ ಅದನ್ನು ನಾವು ಕ್ಯಾನ್ಸಲ್ ಅಂತ ತಿಳಿಯುವುದಿಲ್ಲ. "ಕ್ಯಾನ್ಸಲ್ ಮಾಡಿ" ಅಂತಲೇ ಬರೆಯಿರಿ.

ಈ 1,000 ಎಲ್ಲಿಂದ ಬಂತು ಅಂತ ಕೆಲವರು ಕೇಳಿದ್ದಾರೆ. "ಕಲರ್ ಟ್ಯೂಬ್ ಒಡೆದೇ ಇಲ್ಲವಲ್ಲ, ನಿಮಗೇನು ನಷ್ಟ?" ಅಂತ. ನ್ಯಾಯವಾದ ಪ್ರಶ್ನೆ. ನಿಜ, ನೀವು ಬಂದು ಕುಳಿತ ಮೇಲೆಯೇ ನಾವು ಟ್ಯೂಬ್ ಒಡೆದು ಡೆವಲಪರ್ ಜೊತೆ ಕಲಸುವುದು. ಒಮ್ಮೆ ಕಲಸಿದ ಮೇಲೆ ಅದನ್ನು ಎತ್ತಿಡಲು ಆಗುವುದಿಲ್ಲ, ಮುಕ್ಕಾಲು ಗಂಟೆಯಲ್ಲಿ ಅದರ ಶಕ್ತಿ ಇಳಿದುಹೋಗುತ್ತದೆ. ಹಾಗಾಗಿ ನೀವು ಬರದಿದ್ದರೆ ಸುಮಾರು 900 ರೂಪಾಯಿಯ ಸಾಮಾನು ಕಪಾಟಿನಲ್ಲೇ ಉಳಿಯುತ್ತದೆ. ಆ ದುಡ್ಡನ್ನು ನಾವು ಕೇಳುತ್ತಿಲ್ಲ.

ಹೋಗುವುದು ಕುರ್ಚಿಯ ಹೊತ್ತು. ನಮ್ಮ ಹತ್ತಿರ ಇರುವುದೇ ಎರಡು ಕುರ್ಚಿ. ಭಾನುವಾರ ಬೆಳಿಗ್ಗೆ 10.30ರಿಂದ ಮೂರು ಗಂಟೆಯ ಹೊತ್ತು ಅಂದರೆ ವಾರದಲ್ಲೇ ಎಲ್ಲರೂ ಕೇಳುವ ಹೊತ್ತು. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಇದೇ ಆಯಿತು. ಒಬ್ಬರಿಗೆ ಅಂತ ಬೆಳಗಿನ ಹೊತ್ತು ಹಿಡಿದಿಟ್ಟು ಮೂವರಿಗೆ ಇಲ್ಲ ಅಂದೆವು. ಬುಕ್ ಮಾಡಿದವರು ಬರಲಿಲ್ಲ. ಆ ಮೂವರಿಗೆ ಫೋನ್ ಮಾಡಿದರೆ ಒಬ್ಬರು ಆಗಲೇ ಬೇರೆ ಕಡೆ ಕುಳಿತಿದ್ದರು, ಇನ್ನೊಬ್ಬರು ಮಾರ್ಕೆಟ್ಟಿನಲ್ಲಿ ಮಲ್ಲಿಗೆ ಕೊಳ್ಳುತ್ತಿದ್ದರು, ಮೂರನೆಯವರು ಫೋನೇ ಎತ್ತಲಿಲ್ಲ. ಕಲ್ಯಾಣದಿಂದ ಗಿಜಿಗುಡುವ ಲೋಕಲ್ ಹಿಡಿದು ಬಂದ ನಮ್ಮ ಹುಡುಗಿ ಮಧ್ಯಾಹ್ನದವರೆಗೆ ಟವೆಲ್ ಮಡಚುತ್ತಾ ಕುಳಿತಳು. ಅವಳಿಗೆ ಮಾಡಿದ ಕೆಲಸದ ಮೇಲೆ ನೂರಕ್ಕೆ ಹತ್ತು ಕಮಿಷನ್. 4,000ದ ಕೆಲಸ ತಪ್ಪಿದರೆ ಅವಳ ಕೈಗೆ 400 ಕಡಿಮೆ.

ಅದಕ್ಕೇ ಫೀಸಿನ 1,000ದಲ್ಲಿ 400 ನೇರವಾಗಿ ಅವಳಿಗೆ ಹೋಗುತ್ತದೆ. ಉಳಿದ 600 ಬಾಡಿಗೆ, ಕರೆಂಟಿನ ಕಡೆಗೆ. ಪೂರ್ತಿ ನಷ್ಟ ಅದರಿಂದ ತುಂಬುವುದಿಲ್ಲ, ತುಂಬಿಸಿಕೊಳ್ಳುವ ಆಸೆಯೂ ಇಲ್ಲ. ನೀವು ಬಿಟ್ಟ ಹೊತ್ತಿಗೆ ವೇಟಿಂಗ್ ಲಿಸ್ಟಿನಿಂದ ಇನ್ನೊಬ್ಬರು ಸಿಕ್ಕಿ ಅಷ್ಟೇ ಕೆಲಸ ಮಾಡಿಸಿಕೊಂಡರೆ ನಿಮ್ಮ 1,000 ಅದೇ ಸಂಜೆ ವಾಪಸ್ ಬರುತ್ತದೆ. ಒಂದೇ ಕೆಲಸಕ್ಕೆ ಎರಡು ಕಡೆ ದುಡ್ಡು ತೆಗೆದುಕೊಳ್ಳುವುದು ನಮಗೆ ಬೇಡ.

ಫೀಸೇ ಇಲ್ಲದ ಸಂದರ್ಭಗಳೂ ಇವೆ. ಅದರಲ್ಲಿ ಮೊದಲನೆಯದನ್ನು ದಯವಿಟ್ಟು ಸರಿಯಾಗಿ ಓದಿ. ಪ್ಯಾಚ್ ಟೆಸ್ಟ್ ಮಾಡಿದ ಜಾಗದಲ್ಲಿ ಕೆರೆತ, ಉರಿ, ಕೆಂಪು, ಊತ ಯಾವುದೇ ಕಂಡರೂ ಯಾವ ಹೊತ್ತಿನಲ್ಲಾದರೂ ಹೇಳಿ. ಭಾನುವಾರ ಬೆಳಿಗ್ಗೆ 10ಕ್ಕೆ ಹೇಳಿದರೂ 1,000 ಪೂರ್ತಿ ವಾಪಸ್. ಫೀಸು ಹೋಗುತ್ತದೆ ಅಂತ ಸಣ್ಣ ಕೆರೆತ ಮುಚ್ಚಿಟ್ಟು ಬಂದು ಕುಳಿತರೆ, ಆಮೇಲೆ ಮುಖ, ಕಣ್ಣಿನ ರೆಪ್ಪೆ ಎಲ್ಲ ಊದಿಕೊಳ್ಳಬಹುದು. ಹಾಗೆಯೇ ಜ್ವರ ಇದ್ದರೆ, ಕಣ್ಣು ಬೇನೆ ಆಗಿದ್ದರೆ ಬರಲೇಬೇಡಿ. ಮೆಸೇಜ್ ಹಾಕಿದರೆ ಸಾಕು, ಡಾಕ್ಟರ್ ಚೀಟಿ ಕೇಳುವುದಿಲ್ಲ. ಆದರೆ ಪ್ಯಾಚ್ ಟೆಸ್ಟಿಗೆ ಬರಲು ಮರೆತು ಭಾನುವಾರ ಬಂದರೆ ಕಲರ್ ಹಚ್ಚುವುದಿಲ್ಲ. ಅದನ್ನು ತಡವಾದ ಕ್ಯಾನ್ಸಲ್ ಅಂತಲೇ ಹಿಡಿಯುತ್ತೇವೆ.

ಇನ್ನೊಂದು ಟ್ರೇನಿನದು. ಕುರ್ಲಾ, ಸಾಯನ್ ಹತ್ತಿರ ಹಳಿ ಮೇಲೆ ನೀರು ನಿಂತು ಲೋಕಲ್ ನಿಂತರೆ ಫೀಸು ಇಲ್ಲ. ನೀವು ಮುಲುಂಡಿನಿಂದ ಈಜಿಕೊಂಡು ಬರಬೇಕಿಲ್ಲ. ಆದರೆ ಹಳಿ ರಿಪೇರಿಯ ಮೆಗಾ ಬ್ಲಾಕ್ ಕಾರಣ ನಡೆಯುವುದಿಲ್ಲ ಮೇಡಂ. ಭಾನುವಾರದ ಬ್ಲಾಕ್ ಎಲ್ಲಿಂದ ಎಲ್ಲಿಗೆ, ಎಷ್ಟು ಗಂಟೆಗೆ ಅಂತ ರೈಲ್ವೆಯವರು ಮೊದಲೇ ಹೇಳಿರುತ್ತಾರೆ. ಮಾಟುಂಗಾ ಮುಲುಂಡ್ ನಡುವೆಯೇ ಎಷ್ಟು ಸಲ ಆಗಿಲ್ಲ! ಶುಕ್ರವಾರ ಒಮ್ಮೆ ನೋಡಿಕೊಂಡು, ತೊಂದರೆ ಅನಿಸಿದರೆ ಶನಿವಾರ 10.30ರ ಒಳಗೆ ದಿನ ಬದಲಾಯಿಸಿ.

ತಡವಾದರೆ 20 ನಿಮಿಷ ಕಾಯುತ್ತೇವೆ. ಅದಕ್ಕಿಂತ ಜಾಸ್ತಿ ಆದರೆ ಕೂದಲ ಬುಡದ ಟಚ್ ಅಪ್ ಮಾತ್ರ ಮಾಡಿ, ಅಷ್ಟಕ್ಕೇ ಬಿಲ್ ಹಾಕುತ್ತೇವೆ. ಯಾಕೆಂದರೆ 1.30ಕ್ಕೆ ಇನ್ನೊಬ್ಬರು ಬರುತ್ತಾರೆ, ಅವರನ್ನು ಕಾಯಿಸುವುದು ಸರಿಯಲ್ಲ. ನಮ್ಮ ಕಡೆಯಿಂದಲೇ 24 ಗಂಟೆಯ ಒಳಗೆ ಕ್ಯಾನ್ಸಲ್ ಆದರೆ ನಿಮ್ಮ ಅಡ್ವಾನ್ಸ್ ಪೂರ್ತಿ ವಾಪಸ್, ಜೊತೆಗೆ ಮುಂದಿನ ಬಿಲ್ಲಿನಲ್ಲಿ ಕಾಲು ಭಾಗ ಕಡಿತ. ನಿಯಮ ಎರಡೂ ಕಡೆಗೆ ಒಂದೇ.

ಇದೆಲ್ಲ ನಿಮಗೆ ಒಪ್ಪಿಗೆ ಇದ್ದರೆ ಈ ಪತ್ರಕ್ಕೆ "ಸರಿ" ಅಂತ ಒಂದು ಉತ್ತರ ಹಾಕಿ. ಒಪ್ಪಿಗೆ ಇಲ್ಲದಿದ್ದರೆ ಬುಧವಾರದೊಳಗೆ ತಿಳಿಸಿ, ಅಡ್ವಾನ್ಸ್ ವಾಪಸ್ ಕಳಿಸುತ್ತೇವೆ, ಮನಸ್ಸಿನಲ್ಲಿ ಏನೂ ಇಟ್ಟುಕೊಳ್ಳುವುದಿಲ್ಲ. ಟೆಸ್ಟಿಗೆ ಬಂದಾಗ, ಕಳೆದ ಸಲದ ಶೇಡ್ ಸ್ವಲ್ಪ ಕೆಂಪಾಯಿತು ಅಂದಿದ್ದಿರಲ್ಲ, ಅದನ್ನೂ ಬೆಳಕಿನಲ್ಲಿ ನೋಡೋಣ.

ಇತಿ,
ನಿಮ್ಮ ಮಾಟುಂಗಾ ಪಾರ್ಲರಿನವರು