ಪಿಸಿಸಿಯ ತಾರೀಖು ಓಡುತ್ತಿರುತ್ತದೆ, ಡಿಗ್ರಿ ನಿಂತಿರುತ್ತದೆ

ಉತ್ತರ ಕನ್ನಡ ಜಿಲ್ಲೆಯ ಪೊಲೀಸ್ ವರಿಷ್ಠಾಧಿಕಾರಿಗಳಿಗೆ, ಕಾರವಾರ

ಮಾನ್ಯರೇ, ನಮಸ್ಕಾರ.

ನನ್ನ ಅಕ್ಕನ ಮಗಳು ಬಿಎಸ್ಸಿ ನರ್ಸಿಂಗ್ ಓದಿದವಳು. ಕುವೈತ್‌ನ ಒಂದು ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ಅವರು ಕಳಿಸಿದ ಪಟ್ಟಿಯಲ್ಲಿ ಡಿಗ್ರಿ, ಅಂಕಪಟ್ಟಿಗಳ ಜೊತೆ ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್, ಅಂದರೆ ಪಿಸಿಸಿ ಅಂತಲೂ ಇತ್ತು. ಕಾಲೇಜಿನವರು ಟಿಸಿ ಜೊತೆ ಕೊಟ್ಟ ನಡತೆ ಪ್ರಮಾಣಪತ್ರ ಸಾಕು ಅಂದುಕೊಂಡೆವು. ಅದು ನಡೆಯಲಿಲ್ಲ. ಕಾಲೇಜಿನ ಕಾಗದ ಹೇಳುವುದು ಓದುವಾಗ ಅವಳ ನಡತೆ ಹೇಗಿತ್ತು ಅಂತ. ಅವರಿಗೆ ಬೇಕಿದ್ದದ್ದು ಅವಳ ಮೇಲೆ ಪೊಲೀಸ್ ಕೇಸು ಇಲ್ಲ ಅಂತ ಪಾಸ್‌ಪೋರ್ಟ್ ಕಚೇರಿ ಕೊಡುವ ಪಿಸಿಸಿ.

ಪಾಸ್‌ಪೋರ್ಟ್ ಸೇವಾ ಜಾಲತಾಣದಲ್ಲಿ ಅರ್ಜಿ ಹಾಕಿ 500 ರೂಪಾಯಿ ಕಟ್ಟಿದೆವು. ಠಾಣೆಯ ವಿಚಾರಣೆ ಮುಗಿದು, ಜನವರಿ 10ರ ತಾರೀಖಿನ ಪಿಸಿಸಿ ಕೈಗೆ ಬಂತು. ಅದನ್ನೂ ಡಿಗ್ರಿಯನ್ನೂ ಒಂದೇ ಲಕೋಟೆಗೆ ಹಾಕಿ ಏಜೆಂಟರಿಗೆ ಕೊಟ್ಟೆವು. ತಪ್ಪಾಗಿದ್ದು ಅಲ್ಲೇ.

ಡಿಗ್ರಿ ಅಸಲಿ ಅಂತ ವಿಶ್ವವಿದ್ಯಾಲಯ ಮೊದಲು ಹೇಳಬೇಕು. ಆಮೇಲೆ ರಾಜ್ಯ ಸರ್ಕಾರದ ದೃಢೀಕರಣ, ವಿದೇಶಾಂಗ ಸಚಿವಾಲಯದ ಮೊಹರು. ಒಂದು ದೇಶದ ಮೊಹರನ್ನು ಇನ್ನೊಂದು ದೇಶ ನೇರವಾಗಿ ಒಪ್ಪುವ ಅಪೊಸ್ಟಿಲ್ ಒಪ್ಪಂದದಲ್ಲಿ ಕುವೈತ್ ಇಲ್ಲವಲ್ಲ, ಹಾಗಾಗಿ ಕೊನೆಗೆ ಅವರ ರಾಯಭಾರ ಕಚೇರಿಯ ಮೊಹರೂ ಬೇಕು. ವಿಶ್ವವಿದ್ಯಾಲಯದ ಉತ್ತರ ಬಂದದ್ದೇ ಮಾರ್ಚ್ ಕೊನೆಗೆ. ರಾಯಭಾರ ಕಚೇರಿಯ ಸರದಿ ಬರುವಾಗ ಏಪ್ರಿಲ್ 12. ಆಸ್ಪತ್ರೆಯವರು ಕೇಳಿದ್ದು ಮೂರು ತಿಂಗಳ ಒಳಗಿನ ಪಿಸಿಸಿ. ಎರಡು ದಿನದಲ್ಲಿ ತಪ್ಪಿತು. ಮತ್ತೆ ಅರ್ಜಿ, ಮತ್ತೆ ಹಣ, ಮತ್ತೆ ಠಾಣೆ. ಅಕ್ಕ ಆ ಹಳೇ ಪಿಸಿಸಿ ಹಿಡಿದುಕೊಂಡು ಅದರಲ್ಲಿನ ತಾರೀಖನ್ನೇ ನೋಡುತ್ತಾ ಕೂತಿದ್ದಳು.

ಡಿಗ್ರಿಗೆ ಅವಧಿ ಇಲ್ಲ, ಹತ್ತು ವರ್ಷದ ಹಿಂದಿನದಾದರೂ ನಡೆಯುತ್ತದೆ. ಪಿಸಿಸಿ ಹಾಗಲ್ಲ. ಅದು ಕೊಟ್ಟ ದಿನದವರೆಗಿನ ಮಾತು ಮಾತ್ರ. ಎಷ್ಟು ದಿನ ಒಪ್ಪಬೇಕು ಅಂತ ನಿರ್ಧರಿಸುವುದು ಅದನ್ನು ಕೇಳುವವರು. ಒಬ್ಬರು ಮೂರು ತಿಂಗಳು ಅಂತಾರೆ, ಇನ್ನೊಬ್ಬರು ಆರು. ಅದೂ ಅಲ್ಲದೆ ಯಾವ ದೇಶಕ್ಕೆ ಅಂತ ಅದರಲ್ಲಿ ಬರೆದಿರುತ್ತದೆ. ಕುವೈತ್‌ಗೆ ಮಾಡಿಸಿದ್ದನ್ನು ನಾಳೆ ಒಮಾನ್‌ಗೆ ಕೊಡಲು ಆಗುವುದಿಲ್ಲ. ಅಂದರೆ ಮೊದಲು ಡಿಗ್ರಿಯ ಕೆಲಸ ಮುಗಿಸಬೇಕು, ಕನಿಷ್ಠ ವಿಶ್ವವಿದ್ಯಾಲಯದ ಉತ್ತರವಾದರೂ ಬಂದಿರಬೇಕು. ಪಿಸಿಸಿಗೆ ಕೈ ಹಾಕುವುದು ಅದಾದ ಮೇಲೆ. ಇದನ್ನು ನಮಗೆ ಯಾರೂ ಹೇಳಲಿಲ್ಲ.

ಮಾನ್ಯರೇ, ವಿಶ್ವವಿದ್ಯಾಲಯದ ತಡ ನಿಮ್ಮ ಕೈಯಲ್ಲಿಲ್ಲ, ಗೊತ್ತು. ಆದರೆ ಪಿಸಿಸಿಗೆ ಅರ್ಜಿ ಹಾಕಿದವರು ವಿಚಾರಣೆಗೆ ಠಾಣೆಗೇ ಬರುತ್ತಾರೆ. ಭಟ್ಕಳದಿಂದ ಕಾರವಾರದವರೆಗೆ, ಘಟ್ಟದ ಮೇಲಿನ ಶಿರಸಿಯಲ್ಲೂ, ಪ್ರತಿ ಠಾಣೆಯಲ್ಲಿ ಇಷ್ಟನ್ನು ಕನ್ನಡದಲ್ಲಿ ಬರೆದ ಒಂದು ಬೋರ್ಡ್ ಹಾಕಿಸಿ. ವಿಚಾರಣೆಗೆ ಕೂರುವ ಸಿಬ್ಬಂದಿ ಬಂದವರನ್ನು ಒಂದು ಮಾತು ಕೇಳಲಿ: ‘ಡಿಗ್ರಿ ಅಟೆಸ್ಟೇಷನ್ ಎಲ್ಲಿಗೆ ಬಂತು?’ ಇನ್ನೂ ಶುರುವಾಗಿಲ್ಲ ಅಂದರೆ, ಪಿಸಿಸಿಯ ದಿನಗಳು ಸುಮ್ನೆ ಹೋಗುತ್ತವೆ ಅಂತ ಅಲ್ಲೇ ತಿಳಿಸಲಿ.

ಇಂತಿ,
ಕರಾವಳಿಯ ಒಬ್ಬ ನಿವಾಸಿ