ದೋಸೆ ಹಿಟ್ಟಿನ ಲೆಕ್ಕ

ಚಿ. ಸುಹಾಸನಿಗೆ ನಿನ್ನ ಸೋದರತ್ತೆ ಮಾಡುವ ಆಶೀರ್ವಾದಗಳು.

ಕಳೆದ ಭಾನುವಾರ ನಿಮ್ಮ ಮನೆಗೆ ಬಂದಿದ್ದಾಗ ನೀನೇ ಒಲೆಯ ಮುಂದೆ ನಿಂತು ಎಲ್ಲರಿಗೂ ದೋಸೆ ಹುಯ್ದುಕೊಟ್ಟೆ. ನೋಡಿ ಸಂತೋಷವಾಯಿತು. ಆಮೇಲೆ, "ಅರ್ಧ ಕೆಲಸ ನಾನೇ ಮಾಡುತ್ತೇನೆ, ಆದರೂ ಇವಳಿಗೆ ಸಮಾಧಾನವಿಲ್ಲ" ಎಂದೆ. ಮೇಘನಾ ಮಾತಾಡದೆ ಎದ್ದು ಒಳಗೆ ಹೋದಳು. ಅದಕ್ಕೇ ಈ ಪತ್ರ.

ಆ ದೋಸೆಯ ಲೆಕ್ಕವನ್ನೇ ನೋಡು. ಉದ್ದಿನಬೇಳೆ ಮುಗಿಯುತ್ತಿದೆ ಎಂದು ಗುರುವಾರವೇ ಗಮನಿಸಿ ತಂದವಳು ಅವಳು. ಶನಿವಾರ ಮಧ್ಯಾಹ್ನ ನೆನಪಿಟ್ಟುಕೊಂಡು ಅಕ್ಕಿ, ಉದ್ದು, ಮೆಂತ್ಯ ನೆನೆಹಾಕಿದಳು. ಸಂಜೆ ರುಬ್ಬಿ, ಗ್ರೈಂಡರ್ ತೊಳೆದು, ರಾತ್ರಿ ಉಕ್ಕಿ ಚೆಲ್ಲದಂತೆ ಹಿಟ್ಟನ್ನು ದೊಡ್ಡ ಪಾತ್ರೆಗೆ ತುಂಬಿಟ್ಟಳು. ನಿನ್ನ ಪಾಲಿಗೆ ಬಂದದ್ದು ಕೊನೆಯ ಅರ್ಧ ಗಂಟೆ, ಅದೂ ಎಲ್ಲರ ಕಣ್ಣಿಗೆ ಬೀಳುವ ಅರ್ಧ ಗಂಟೆ. ನೀನು ಸುಳ್ಳು ಹೇಳಲಿಲ್ಲ. ನೀನು ಮಾಡಿದ್ದು ನಿನಗೆ ಕಾಣುತ್ತದೆ, ಅವಳು ನೆನಪಿಟ್ಟುಕೊಂಡದ್ದು ಕಾಣುವುದಿಲ್ಲ. "ಹೇಳಿದ್ದರೆ ಮಾಡುತ್ತಿದ್ದೆನಲ್ಲ" ಎಂದು ನೀನು ಹೇಳಿದಾಗ ಅವಳಿಗೆ ಸಿಟ್ಟು ಬರುವುದೂ ಇದಕ್ಕೇ. ಹೇಳುವುದೂ ಒಂದು ಕೆಲಸವೇ, ಅದು ಅವಳ ತಲೆಯ ಮೇಲೇ ಉಳಿಯುತ್ತದೆ.

ಇದು ನಿಮ್ಮ ಮನೆಯೊಂದರ ಕಥೆಯಲ್ಲ. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ, ಗಂಡಸರು 88 ನಿಮಿಷ.

ಇಬ್ಬರೂ ಕುಳಿತು ಒಂದು ವಾರದ ಕೆಲಸಗಳನ್ನೆಲ್ಲ ಬರೆಯಿರಿ. ಪ್ರತಿಯೊಂದರ ಮುಂದೆ ಮಾಡಿದವರು ಯಾರು ಎನ್ನುವುದರ ಜೊತೆಗೆ ನೆನಪಿಟ್ಟುಕೊಂಡವರು ಯಾರು ಎಂದೂ ಬರೆಯಿರಿ. ಕೆಲಸಗಳ ಸಂಖ್ಯೆಯನ್ನು ಸಮ ಮಾಡಲು ಹೋಗಬೇಡಿ. ತಿಂಗಳಿಗೊಮ್ಮೆ ವಿದ್ಯುತ್ ಬಿಲ್ ಕಟ್ಟುವುದು ನಿನ್ನದು, ದಿನಾ ಬೆಳಿಗ್ಗೆ ಏಳೂವರೆಯೊಳಗೆ ಮಗುವಿನ ಡಬ್ಬಿ ಕಟ್ಟುವುದು ಅವಳದು ಎಂದರೆ ಅದು ಒಂದಕ್ಕೊಂದು ಸಮವಲ್ಲ. ಬಿಲ್ಲು ಎರಡು ದಿನ ಕಾಯುತ್ತದೆ, ಶಾಲೆಯ ವ್ಯಾನು ಕಾಯುವುದಿಲ್ಲ. ಸಂಬಳದ ಹೆಚ್ಚುಕಡಿಮೆಯನ್ನು ಇಲ್ಲಿ ತರಬೇಡ. ಕಚೇರಿಯ ಹೊತ್ತು, ಓಡಾಟದ ಹೊತ್ತು, ಮನೆಗೆಲಸದ ಹೊತ್ತು ಎಲ್ಲವನ್ನೂ ಕೂಡಿಸಿದ ಮೇಲೆ ಇಬ್ಬರಿಗೂ ಉಳಿಯುವ ಬಿಡುವು ಹೆಚ್ಚುಕಡಿಮೆ ಒಂದೇ ಆಗಿದ್ದರೆ ಸಾಕು.

ಹಂಚುವಾಗ ಕೆಲಸವನ್ನು ತುಂಡು ಮಾಡದೆ ಇಡಿಯಾಗಿ ತೆಗೆದುಕೊ. ನಾವಿಬ್ಬರೂ ನೌಕರಿಯಲ್ಲಿದ್ದಾಗ ನಿನ್ನ ಮಾವ ಬಟ್ಟೆಯ ಕೆಲಸವನ್ನು ಹಾಗೆ ವಹಿಸಿಕೊಂಡರು. ಸೋಪಿನ ಪುಡಿ ತರುವುದರಿಂದ ಹಿಡಿದು ಮಡಿಸಿ ಬೀರುವಿನಲ್ಲಿಡುವವರೆಗೆ ಎಲ್ಲ ಅವರದೇ. ಅವರು ಮಡಿಸಿದ್ದು ನನಗೆ ಹಿಡಿಸದೆ ನಾನು ಮತ್ತೆ ಮಡಿಸುತ್ತಿದ್ದೆ. ಒಂದು ದಿನ ಅವರು ಬೇಸರದಿಂದ ಕೈಬಿಟ್ಟರು. ಆ ತಪ್ಪು ನನ್ನದು. ಎಷ್ಟು ಅಚ್ಚುಕಟ್ಟಾದರೆ ಸಾಕು ಎಂದು ಮೊದಲೇ ಮಾತಾಡಿಕೊಂಡು, ಆಮೇಲೆ ಕೈಹಾಕದಿರಲು ಮೇಘನಾಳಿಗೂ ಹೇಳುತ್ತೇನೆ.

ಈ ಶನಿವಾರದಿಂದ ದೋಸೆ ಪೂರ್ತಿ ನಿನ್ನದಾಗಲಿ. ಮೂರು ಲೋಟ ಅಕ್ಕಿಗೆ ಒಂದು ಲೋಟ ಉದ್ದು, ಒಂದು ಚಮಚ ಮೆಂತ್ಯ. ಮಧ್ಯಾಹ್ನ ಒಂದು ಗಂಟೆಯೊಳಗೆ ನೆನೆಹಾಕು. ಈಗ ಚಳಿ ಇರುವುದರಿಂದ ಹಿಟ್ಟು ನಿಧಾನವಾಗಿ ಹುದುಗುತ್ತದೆ, ಸಂಜೆ ಆರಕ್ಕೇ ರುಬ್ಬಿಡು. ನೆನೆಹಾಕಲು ಮರೆತರೆ ಭಾನುವಾರ ಉಪ್ಪಿಟ್ಟು ಮಾಡು, ಅವಳು ನೆನಪಿಸಲಿ ಎಂದು ಕಾಯಬೇಡ.

ಇತಿ,
ನಿನ್ನ ಅತ್ತೆ