ಬ್ಯಾಗ್ ಕೊಟ್ಟ ನಿಮಗೆಲ್ಲ

ನಮ್ಮ ಮಹಡಿಯ ಎಲ್ಲರಿಗೂ,

ಹಾಸ್ಟೆಲ್ ಬಿಟ್ಟು ಕೆಲಸಕ್ಕೆ ಹೊರಟ ನನಗೆ ನೀವೆಲ್ಲ ಸೇರಿ ಕೊಟ್ಟ ಬ್ಯಾಗ್ ತುಂಬಾ ಇಷ್ಟವಾಯಿತು. ನನ್ನ ಹಳೇ ಬ್ಯಾಗಿನ ಜಿಪ್ ಹೋಗಿ, ಪಿನ್ನು ಚುಚ್ಚಿ ಮುಚ್ಚುತ್ತಿದ್ದದ್ದನ್ನು ನೀವೆಲ್ಲ ನೋಡುತ್ತಲೇ ಇದ್ದಿರಿ ಅಲ್ವಾ? ಅಂಗಡಿ ಸುತ್ತಿದವರಿಗೆ, ಕಾರ್ಡಿನಲ್ಲಿ ನನ್ನ ಮೂಗನ್ನು ಇಷ್ಟುದ್ದ ಬರೆದವರಿಗೆ, ಸುಮ್ನೆ ನೆಪ ಹೇಳಿ ನನ್ನನ್ನು ಹೊರಗೆ ಕರೆದೊಯ್ದ ಜೂನಿಯರ್‌ಗಳಿಗೆ ಥ್ಯಾಂಕ್ಸ್.

ಇನ್ನು ನನ್ನ ರೂಮ್‌ಮೇಟ್ ವಿಷಯ. ಇದು ಸ್ವಲ್ಪ ಉದ್ದವಾಗುತ್ತೆ.

ದುಡ್ಡು ಕೂಡಿಸಿದ್ದು ಅವನೇ ಅಂತ ಆಮೇಲೆ ಗೊತ್ತಾಯಿತು. ತಿಂಗಳ ಕೊನೆಗೆ ಯಾರ ಜೇಬಲ್ಲೂ ಏನೂ ಇರಲ್ಲ. ಅದಕ್ಕೇ ಮನೆಯಿಂದ ದುಡ್ಡು ಬರುವ ಮೊದಲ ವಾರದಲ್ಲೇ ಕವರ್ ಹಿಡಿದು ರೂಮ್ ರೂಮಿಗೆ ಹೋಗಿದ್ದಾನೆ. ಗ್ರೂಪಿನಲ್ಲಿ ಯಾರು ಎಷ್ಟು ಕೊಟ್ಟರು ಅಂತ ಪಟ್ಟಿ ಹಾಕಿಲ್ಲ. ಇಂತಿಷ್ಟಕ್ಕಿಂತ ಜಾಸ್ತಿ ಯಾರೂ ಹಾಕುವ ಹಾಗಿಲ್ಲ, ಕಡಿಮೆ ಎಷ್ಟಾದರೂ ಸರಿ ಅಂತ ಅವನ ನಿಯಮ. ಕವರ್ ಕೈಗೆ ಕೊಟ್ಟು ತಾನು ಬಾಗಿಲಾಚೆ ನಿಲ್ಲುತ್ತಿದ್ದನಂತೆ. ಕೈ ಖಾಲಿ ಇದ್ದವರು ಏನೂ ಹಾಕದೆ ವಾಪಸ್ ಕೊಟ್ಟರೂ ಅವನಿಗೂ ತಿಳಿಯದ ಹಾಗೆ.

ಮೊದಲು ಚಕ್ರದ ಸೂಟ್‌ಕೇಸ್ ಅಂತ ಮಾತಾಗಿತ್ತಂತೆ. ಕೂಡಿದ ದುಡ್ಡಿಗೆ ಸಿಗುತ್ತಿದ್ದದ್ದರ ಹಿಡಿಕೆ ಎಳೆದರೆ ಅಲ್ಲಾಡುತ್ತಿತ್ತು. ಇನ್ನೊಂದು ಸುತ್ತು ಕೇಳೋಣ ಅಂದವರಿಗೆ ಅವನು ಒಪ್ಪಲಿಲ್ಲ. ಎರಡನೇ ಸಲ ಕೇಳಿದರೆ ಇಲ್ಲ ಅನ್ನೋಕೆ ಕಷ್ಟವಾಗುತ್ತೆ ಅನ್ನೋದು ಅವನ ಮಾತು. ಕೊನೆಗೆ ಹೆಗಲಿಗೆ ಹಾಕುವ ಈ ಬ್ಯಾಗ್. ಪುಸ್ತಕ ತುಂಬಿಸಿ, ಜಿಪ್ ಮೂಲೆಯಲ್ಲಿ ಸಿಕ್ಕಿಕೊಳ್ಳುತ್ತಾ ಅಂತ ನೋಡಿದ್ದಾನೆ. ಹೆಗಲಪಟ್ಟಿ ಸೇರುವ ಜಾಗದಲ್ಲಿ ಅಡ್ಡಡ್ಡ ಹೊಲಿಗೆ ಇರುವುದನ್ನೇ ಆರಿಸಿದ್ದಾನೆ. ಬ್ಯಾಗ್ ಹರಿಯೋದು ಅಲ್ಲೇ ತಾನೇ? ಬಿಲ್ ಒಳಜೇಬಿನಲ್ಲಿದೆ, ಅಂಟಿಸಿದ ಕವರಿನಲ್ಲಿ. ಮೇಲೆ ಅವನ ಕೋಳಿಗೀಚು ಅಕ್ಷರ: "ಜಿಪ್ ಕೆಟ್ಟರೆ ಮಾತ್ರ ಒಡಿ. ಬೆಲೆ ನೋಡೋಕಲ್ಲ."

ಆ ರಾತ್ರಿ ಏನಾಯಿತು ಅಂತ ನಿಮಗೆಲ್ಲ ಗೊತ್ತು, ಮತ್ತೆ ಬರೆಯಲ್ಲ. ಓದು ಬಿಟ್ಟು ಹೋಗ್ತೀನಿ ಅಂತ ಹಳೇ ಬ್ಯಾಗಿಗೆ ಬಟ್ಟೆ ತುರುಕುತ್ತಿದ್ದೆ. ಅವನು ಬುದ್ಧಿ ಹೇಳಲಿಲ್ಲ. ಬಾಗಿಲಿಗೆ ಬೆನ್ನು ಕೊಟ್ಟು ಕೂತ. "ಬೆಳಿಗ್ಗೆ ಹೋಗೋದಾದ್ರೆ ನಾನೇ ಬಸ್ಸಿಗೆ ಬಿಡ್ತೀನಿ ಕಣೋ, ರಾತ್ರಿ ಮಾತ್ರ ಬೇಡ" ಅಂದ. ಮಾರನೇ ದಿನ ಅವನಿಗೆ ಪರೀಕ್ಷೆ ಇತ್ತು. ನಾನು ಅತ್ತೆ, ಬೈದೆ, ಏನೇನೋ ಅಂದೆ. ಅವನು ಏಳಲಿಲ್ಲ. ಅವತ್ತು ಆ ಬಾಗಿಲು ತೆರೆದಿದ್ದರೆ... ಇರಲಿ ಬಿಡಿ. ಬೆಳಿಗ್ಗೆ ನಾನೇ ಬಟ್ಟೆ ಹೊರಗೆ ತೆಗೆದಿಟ್ಟೆ. ಆ ಪೇಪರ್ ಅವನು ಹೇಗೆ ಬರೆದನೋ ಇವತ್ತಿಗೂ ಹೇಳಿಲ್ಲ.

ಸರಿ, ಲೆಕ್ಕದ ಮಾತು. ಕವರಿನಲ್ಲಿ ಚಿಲ್ಲರೆ ಉಳಿದಿದೆಯಂತೆ, ನನಗೆ ಕೊಡಬೇಡಿ. ಮುಂದೆ ಹೊರಡುವವರಿಗೆ ಇಟ್ಟಿರಿ. ಆಗ ನನ್ನನ್ನೂ ಕೇಳಿ. ಸಂಬಳ ಬರುತ್ತೆ ಅಂತ ನನಗೆ ಬೇರೆ ಮಿತಿ ಇಡಬೇಡಿ, ನಿಮ್ಮಷ್ಟೇ ಹಾಕ್ತೀನಿ.